ಮೂರನೇ ದಿನದ ಮೇಲ್

ಮನೆ ಅಲಂಕಾರದ ಸಾಮಾನು ಮಾರುವ ಒಂದು ಆನ್‌ಲೈನ್ ಅಂಗಡಿಯಲ್ಲಿ ನನಗೆ ಕೆಲಸ. ಪರದೆಯನ್ನೋ ದೀಪವನ್ನೋ ಕಾರ್ಟ್‌ಗೆ ಹಾಕಿ, ದುಡ್ಡು ಕಟ್ಟದೆ ಹೋದವರಿಗೆ ‘ಏನೋ ಮರೆತಿದ್ದೀರಿ’ ಅಂತ ಮೇಲ್ ಬರುತ್ತಲ್ಲ, ಅದನ್ನ ಬರೆಯೋನು ನಾನು. ಹೋದ ವರ್ಷದವರೆಗೆ ನಮ್ಮ ಲೆಕ್ಕ ಸರಳವಾಗಿತ್ತು. ಒಂದು ಗಂಟೆಗೆ ಮೊದಲ ಮೇಲ್, 24 ಗಂಟೆಗೆ ಎರಡನೆಯದು, 72 ಗಂಟೆಗೆ ಮೂರನೆಯದು. ಮೂರನೆಯದರಲ್ಲಿ ಶೇಕಡ 10ರ ಕೂಪನ್. ಈ ಲೆಕ್ಕ ಕೆಡಿಸಿದ್ದು ನಮ್ಮ ಮನೆಯವರೇ.

ನಂಜನಗೂಡಿನ ಅಕ್ಕ ಒಂದಿನ ಆಫೀಸಿನ ಊಟದ ಹೊತ್ತಲ್ಲಿ 4,200 ರೂಪಾಯಿಯ ಪರದೆ ಸೆಟ್ ಕಾರ್ಟ್‌ಗೆ ಹಾಕಿದಳು. ಕಿಟಕಿಗೆ ಐದಡಿಯದು ಸಾಕೋ, ನೆಲ ಮುಟ್ಟೋ ಏಳಡಿಯದು ಬೇಕೋ ಗೊತ್ತಿರಲಿಲ್ಲ. ಮನೆಗೆ ಹೋಗಿ ಅಳತೆ ತಗೋಬೇಕು, ಭಾವನಿಗೆ ಬಣ್ಣ ತೋರಿಸಬೇಕು. ನಮ್ಮ ಮೊದಲ ಮೇಲ್ ಹೋದಾಗ ಅವಳಿನ್ನೂ ಆಫೀಸಲ್ಲೇ ಇದ್ದಳು. ಅವಳು ಮರೆತಿರಲಿಲ್ಲ, ಯೋಚನೆ ಮಾಡ್ತಿದ್ದಳು. ಮೂರನೇ ದಿನ ಅಳತೆಯೂ ಆಯ್ತು, ಕೂಪನ್ನೂ ಬಂತು. 3,780ಕ್ಕೆ ತಗೊಂಡಳು.

ಅದೇ ಪರದೆಯನ್ನ ಟಿ. ನರಸೀಪುರದ ಚಿಕ್ಕಮ್ಮ ನೋಡಿದ ದಿನವೇ ಪೂರ್ತಿ ದುಡ್ಡು ಕೊಟ್ಟು ತರಿಸಿಕೊಂಡಿದ್ದರು. ದೊಡ್ಡ ಜಾತ್ರೆಗೆ ಅಂತ ಅಕ್ಕನ ಮನೆಗೆ ಬಂದಾಗ ಪರದೆ ಕಣ್ಣಿಗೆ ಬಿತ್ತು, ರೇಟಿನ ಮಾತೂ ಬಂತು. ಚಿಕ್ಕಮ್ಮ ನನ್ನ ಕಡೆ ತಿರುಗಿ, ‘ಅಲ್ಲ ಕಣ್ ಮಗಾ, ನಿಮ್ಮ ಅಂಗಡೀನ ನಂಬಿ ಬೇಗ ತಗೊಂಡಿದ್ದೇ ತಪ್ಪಾಯ್ತಾ?’ ಅಂದರು.

ಸಂತೆಯಲ್ಲೂ ಒಬ್ಬೊಬ್ಬರಿಗೆ ಒಂದೊಂದು ರೇಟು ಇರಲ್ವಾ ಅಂತ ವಾದ ಮಾಡಬಹುದು. ಎರಡು ಹೆಜ್ಜೆ ಮುಂದೆ ಹೋದರೆ ‘ಬನ್ನಿ ಅಕ್ಕಾ, ಎಷ್ಟು ಕೊಡ್ತೀರಾ’ ಅಂತ ಕೂಗೋದು ಅಲ್ಲೂ ಇದೆ. ಆದರೆ ಅಲ್ಲಿ ಚೌಕಾಸಿ ನಡೀತಿದೆ ಅನ್ನೋದು ಎಲ್ಲರಿಗೂ ಗೊತ್ತು. ನಮ್ಮ ಪೇಜಿನಲ್ಲಿ ಬೆಲೆ ಒಂದೇ ಅಂತ ಚಿಕ್ಕಮ್ಮ ನಂಬಿದ್ದರು. ಅವರಿಗೆ ಆಟ ಇದೆ ಅನ್ನೋದೇ ತಿಳಿಸದೆ ನಾವು ಆಡಿಬಿಟ್ಟಿದ್ದೆವು.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ‘ಡಾರ್ಕ್ ಪ್ಯಾಟರ್ನ್’ಗಳ ಮಾರ್ಗಸೂಚಿ ಹೊರಡಿಸಿ, 13 ಬಗೆಯ ಮೋಸಗಳನ್ನು ಪಟ್ಟಿ ಮಾಡಿತು. ಸುಳ್ಳು ಅವಸರ ಹುಟ್ಟಿಸೋದು, ಬಿಡದೆ ಪೀಡಿಸೋದು ಅದರಲ್ಲಿವೆ. ಸ್ಟಾಕ್ ಬೇಕಾದಷ್ಟಿದ್ದೂ ‘ಎರಡೇ ಉಳಿದಿವೆ’ ಅಂತ ಬರೆದರೆ ಅದು ತಪ್ಪು. ಚಿಕ್ಕಮ್ಮನ 420 ರೂಪಾಯಿ ಮಾತ್ರ ಆ ಪಟ್ಟಿಗೆ ಸಿಗಲ್ಲ.

ಅಂಗಡಿಗಾದರೂ ಲಾಭವಾಯ್ತಾ? ಮುಂದಿನ ತಿಂಗಳು ಅಕ್ಕ ಕುಶನ್ ಕವರ್ ಕಾರ್ಟ್‌ಗೆ ಹಾಕಿ ಸುಮ್ಮನೆ ಕೂತಳು. ‘ಮೂರು ದಿನ ಬಿಟ್ರೆ ತಾನಾಗೇ ಇಳಿಯುತ್ತೆ ಕಣೋ’ ಅಂದಳು. ಇಳೀತು, ತಗೊಂಡಳು. ನಮ್ಮ ಡ್ಯಾಶ್‌ಬೋರ್ಡ್ ಅದನ್ನ ‘ಮೇಲ್‌ನಿಂದ ವಾಪಸ್ ಬಂದ ಆರ್ಡರ್’ ಅಂತ ನನ್ನ ಖಾತೆಗೆ ಬರೆದುಕೊಂಡಿತು. ಪೂರ್ತಿ ಬೆಲೆಗೇ ತಗೊಳ್ಳುತ್ತಿದ್ದ ಗಿರಾಕಿಗೆ ಕಾಯೋದನ್ನ ಕಲಿಸಿ, ಅದಕ್ಕೆ ನಾನೇ ಶಭಾಷ್ ಅನ್ನಿಸಿಕೊಂಡೆ.

ನಿಜ ತಿಳಿಯೋಕೆ ಒಂದೇ ದಾರಿ. ಕಾರ್ಟ್ ಬಿಟ್ಟು ಹೋದ ಹತ್ತು ಜನರಲ್ಲಿ ಒಬ್ಬರಿಗೆ, ಚೀಟಿ ಎತ್ತಿದ ಹಾಗೆ ಆರಿಸಿ, ಯಾವ ಮೇಲೂ ಕಳಿಸಬಾರದು. ಅವರಲ್ಲಿ ಎಷ್ಟು ಪಾಲು ಜನ ತಾವಾಗೇ ವಾಪಸ್ ಬಂದು ಕೊಳ್ಳುತ್ತಾರೆ, ಮೇಲ್ ಹೋದವರಲ್ಲಿ ಎಷ್ಟು ಪಾಲು ಕೊಳ್ಳುತ್ತಾರೆ, ಎರಡನ್ನೂ ಪಕ್ಕಪಕ್ಕ ಇಡಬೇಕು. ನಡುವಿನ ವ್ಯತ್ಯಾಸವಷ್ಟೇ ಮೇಲ್‌ನ ದುಡಿಮೆ. ಗಿರಾಕಿ ಕಡಿಮೆ ಇರೋ ಅಂಗಡಿಯಲ್ಲಿ ಇದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಎರಡು ವಾರದ ಅಂಕಿ ನೋಡಿ ತೀರ್ಮಾನಕ್ಕೆ ಬಂದರೆ ನಮಗೆ ನಾವೇ ಮೋಸ ಮಾಡಿಕೊಂಡ ಹಾಗೆ.

ಮ್ಯಾನೇಜರ್ ಹತ್ತಿರ ಕೇಳಿ ನಾನು ಈಗ ಮಾಡಿರೋದು ಇಷ್ಟು. ಮೊದಲ ಮೇಲ್ ಅದೇ ದಿನ ರಾತ್ರಿ ಎಂಟಕ್ಕೆ, ಮನೆಯಲ್ಲಿ ಎಲ್ಲರೂ ಇರೋ ಹೊತ್ತಿಗೆ. ಅದರಲ್ಲಿ ಕಿಟಕಿಯ ಅಳತೆ ಹೇಗೆ ತಗೋಬೇಕು, ಅವರ ಪಿನ್‌ಕೋಡ್‌ಗೆ ಎಷ್ಟು ದಿನಕ್ಕೆ ತಲುಪುತ್ತೆ, ಸರಿಹೋಗದಿದ್ದರೆ ವಾಪಸ್ ಹೇಗೆ ಅನ್ನೋದು ಮಾತ್ರ. ಎರಡನೆಯದು ಮುಂದಿನ ಶನಿವಾರ ಬೆಳಿಗ್ಗೆ. ಅಷ್ಟೇ, ಮೂರನೆಯದು ಇಲ್ಲ. ರಿಯಾಯಿತಿ ಕೊಡೋದಾದರೆ ಪೇಜಿನ ಮೇಲೇ, ಎಲ್ಲರಿಗೂ. ಆರ್ಡರ್ ಆದ ಕ್ಷಣ ಮೇಲ್ ನಿಲ್ಲಬೇಕು. ಮೊಬೈಲ್ ಆ್ಯಪ್‌ನಲ್ಲಿ ಬೇರೆ ನಂಬರಿನಿಂದ ಕೊಂಡವರಿಗೆ ಈಗಲೂ ತಪ್ಪಿ ಹೋಗುತ್ತೆ. ಅದನ್ನಿನ್ನೂ ಸರಿಮಾಡಬೇಕು.

ಕೂಪನ್‌ಗೆ ಕಾದು ಕೂತಿದ್ದವರ ಆರ್ಡರ್ ಕೈತಪ್ಪಬಹುದು. ತಿಂಗಳ ಮೀಟಿಂಗ್‌ನಲ್ಲಿ ಅದಕ್ಕೆ ಉತ್ತರ ಹೇಳಬೇಕಾದವನು ನಾನೇ. ಆದರೂ ಮುಂದಿನ ಸಲ ನರಸೀಪುರಕ್ಕೆ ಹೋದಾಗ ಚಿಕ್ಕಮ್ಮ ‘ಈ ರಗ್ಗು ಈಗಲೇ ತಗೊಳ್ಳಲಾ, ಕಾಯಲಾ?’ ಅಂತ ಕೇಳಿದರೆ, ಕಣ್ಣು ತಪ್ಪಿಸದೆ ‘ಬೇಕನ್ನಿಸಿದಾಗ ತಗೊಳ್ಳಿ ಚಿಕ್ಕಮ್ಮ’ ಅನ್ನಬಹುದು.