ಫೋನ್ ಎತ್ತದೆ ಇದ್ದ ಎರಡು ತಿಂಗಳು

ಜನವರಿಯ ಒಂದು ಗುರುವಾರ ರಾತ್ರಿ ಒಂಬತ್ತೂವರೆಗೆ ಗೆಳೆಯನ ಫೋನ್ ಬಂತು. ನಾನು ಡೊಂಬಿವಲಿಯಲ್ಲಿ, ಅವನು ಪುಣೆಯಲ್ಲಿ. ಇಬ್ಬರೂ ಪುತ್ತೂರಿನ ಕಡೆಯವರು, ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಅಂದು ಮಧ್ಯಾಹ್ನವಷ್ಟೇ ನಮ್ಮ ಆಫೀಸಿನಲ್ಲಿ ಹನ್ನೊಂದು ಮಂದಿಯನ್ನು ಒಂದು ಕೋಣೆಗೆ ಕರೆದು, ಇಡೀ ತಂಡವನ್ನೇ ಮುಚ್ಚುತ್ತಿದ್ದೇವೆ ಎಂದು ಹೇಳಿದ್ದರು. ಹನ್ನೊಂದರಲ್ಲಿ ನಾನೂ ಒಬ್ಬ. ಹೆಂಡತಿಗೆ ಬಿಟ್ಟರೆ ಇನ್ನೂ ಯಾರಿಗೂ ಹೇಳಿರಲಿಲ್ಲ. ಫೋನ್ ನೋಡಿ, ಸರಿ, ಇವನಿಗೆ ಹೇಳೋಣ ಎಂದುಕೊಂಡೇ ಎತ್ತಿದೆ.

ಅವನು ಮಾತು ಶುರು ಮಾಡಿದ. ಬಡ್ತಿ ಸಿಕ್ಕಿತ್ತು. ಮೂರು ಜನರನ್ನು ದಾಟಿ ಸಿಕ್ಕಿದ ಬಡ್ತಿ. ಮೇಲಿನವರು ಸಭೆಯಲ್ಲಿ ಅವನ ಹೆಸರು ಹಿಡಿದು ಹೇಳಿದ್ದರು. ಆಮೇಲೆ ಬಾಣೇರಿನ ಹೊಸ ಫ್ಲಾಟಿನ ಬಾಲ್ಕನಿ, ಮಗಳು ಒಲಿಂಪಿಯಾಡಿನಲ್ಲಿ ತಂದ ಮೆಡಲು, ಅವನೇ ಹಾಫ್ ಮ್ಯಾರಥಾನಿನಲ್ಲಿ ಇಳಿಸಿಕೊಂಡ ನಾಲ್ಕು ನಿಮಿಷ. ಕೊನೆಗೆ "ನಿಂದೆಂತ ಸಮಾಚಾರ?" ಅಂದ. "ಎಂತ ಇಲ್ಲ ಮಾರಾಯ, ನಡೀತಾ ಉಂಟು" ಅಂದೆ. ಫೋನ್ ಇಟ್ಟ ಮೇಲೆ ನೋಡಿದರೆ ಮೂವತ್ತೆಂಟು ನಿಮಿಷ ಮಾತಾಡಿದ್ದೆವು.

ಅದಾದ ಮೇಲೆ ಎರಡು ತಿಂಗಳು ಅವನ ಫೋನನ್ನು ನಾನು ಹೆಚ್ಚುಕಡಿಮೆ ಎತ್ತಲೇ ಇಲ್ಲ. "ಮೀಟಿಂಗಿನಲ್ಲಿದ್ದೆ" ಎಂದು ಮೆಸೇಜು ಹಾಕುತ್ತಿದ್ದೆ. ಕೆಲಸವೇ ಇಲ್ಲದವನಿಗೆ ಎಲ್ಲಿಯ ಮೀಟಿಂಗು!

ಇವನಿಗೆ ಹೇಳಬೇಕೋ ಬೇಡವೋ ಎಂಬ ಪ್ರಶ್ನೆಗೂ ಮೊದಲು ನನ್ನನ್ನು ಇನ್ನೊಂದು ಪ್ರಶ್ನೆ ಕಾಡಿತು. ನನಗೆ ಬೇಸರವಾದದ್ದು ಅವನ ಮಾತಿನ ರೀತಿಯಿಂದಲೋ ಅಥವಾ ನನ್ನ ಹೊಟ್ಟೆಕಿಚ್ಚಿನಿಂದಲೋ? ಕೆಲಸ ಹೋದ ದಿನ ಗೆಳೆಯನ ಬಡ್ತಿಯ ಸುದ್ದಿ ಕೇಳಿದವನ ಮನಸ್ಸನ್ನು ನಂಬಿ ತೀರ್ಪು ಕೊಡುವ ಹಾಗಿಲ್ಲ. ಹತ್ತಿರದವನು ನಮ್ಮದೇ ಕ್ಷೇತ್ರದಲ್ಲಿ ಮುಂದೆ ಹೋದಾಗ ಆಗುವಷ್ಟು ಸಂಕಟ ಅಪರಿಚಿತ ಮುಂದೆ ಹೋದಾಗ ಆಗುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಅಬ್ರಹಾಂ ಟೆಸ್ಸರ್ 1980ರ ದಶಕದಲ್ಲಿ ಇದನ್ನೇ ಒಂದು ಸಿದ್ಧಾಂತವಾಗಿ ಕಟ್ಟಿದ. ಗೆಳೆಯ ಒಳ್ಳೆಯ ಹಾಡುಗಾರನಾದರೆ ನನಗೆ ಹೆಮ್ಮೆ, ಯಾಕೆಂದರೆ ನಾನು ಹಾಡುವುದಿಲ್ಲ. ಅವನೂ ನಾನೂ ಸಾಫ್ಟ್‌ವೇರಿನವರೇ ಆದರೆ ಕಥೆ ಬೇರೆ.

ಆಗ ನನಗೆ ನಾನೇ ಒಂದು ಪರೀಕ್ಷೆ ಇಟ್ಟುಕೊಂಡೆ. ಇದೇ ಸುದ್ದಿ ಬೇರೆಯವರ ಬಾಯಿಂದ ಬಂದಿದ್ದರೆ ನನಗೆ ಹೇಗನಿಸುತ್ತಿತ್ತು? ಇದಕ್ಕೊಂದು ನಿಜವಾದ ಉದಾಹರಣೆಯೂ ಸಿಕ್ಕಿತು. ಫೆಬ್ರವರಿಯಲ್ಲಿ ಊರಿಂದ ಅಮ್ಮ ಫೋನ್ ಮಾಡಿದಾಗ, ಅವನ ಮಗಳಿಗೆ ಮೆಡಲು ಬಂದದ್ದನ್ನು ಅವರ ಮನೆಯವರು ಹೇಳಿದರಂತೆ ಎಂದರು. ಅದನ್ನು ಕೇಳಿ ನನಗೆ ಖುಷಿಯೇ ಆಯಿತು. ಆ ಹುಡುಗಿ ನನ್ನ ತೊಡೆಯ ಮೇಲೆ ಕೂತು ಅಂಕಿ ಕಲಿತವಳು. ಆದರೆ ಅವನ ಬಡ್ತಿಯ ವಿಷಯ ಮೂರನೆಯವರಿಂದ ಕೇಳಿದಾಗಲೂ ಒಳಗೆ ಚುರುಕ್ ಎಂದಿತು. ಅಂದರೆ ಲೆಕ್ಕ ಎರಡು ಭಾಗವಾಯಿತು. ಯಾರಿಂದ ಕೇಳಿದರೂ ನೋಯಿಸುವ ಸುದ್ದಿ ನನ್ನ ಹೊಟ್ಟೆಕಿಚ್ಚಿನ ಬಾಬತ್ತು. ಅದನ್ನು ಅವನ ಮುಂದೆ ಇಡುವ ಹಕ್ಕು ನನಗಿಲ್ಲ. ಬೇರೆಯವರಿಂದ ಕೇಳಿದಾಗ ಖುಷಿ ಕೊಟ್ಟು, ಅವನಿಂದ ಕೇಳಿದಾಗ ಮಾತ್ರ ದಣಿಸುವುದಿದೆಯಲ್ಲ, ಅದು ನಮ್ಮಿಬ್ಬರ ನಡುವಿನ ವಿಷಯ. ಅದರ ಬಗ್ಗೆ ಮಾತ್ರ ಮಾತಾಡಬಹುದು.

ನಾನು ಮೊದಲು ಮಾಡಿದ್ದು ತಪ್ಪು ಕೆಲಸ. ನಮ್ಮ ಹೈಸ್ಕೂಲು ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಅವನು ಹೊಸ ಕಾರಿನ ಫೋಟೋ ಹಾಕಿದಾಗ, "ಪುಣೆ ಕೇಂದ್ರದಿಂದ ಇಂದಿನ ವಾರ್ತೆಗಳು" ಎಂದು ಬರೆದೆ. ಹದಿನಾರು ನಗುಮುಖಗಳು ಬಿದ್ದವು. ಅವನದ್ದೂ ಒಂದು. ಆಮೇಲೆ ಮೂರು ವಾರ ಅವನು ಗುಂಪಿನಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ. ಪ್ಲುಟಾರ್ಕ್ ಎಂಬ ಗ್ರೀಕ್ ಲೇಖಕ, ಮುಖಸ್ತುತಿ ಮಾಡುವವನಿಗೂ ನಿಜವಾದ ಗೆಳೆಯನಿಗೂ ಇರುವ ವ್ಯತ್ಯಾಸದ ಬಗ್ಗೆ ದೀರ್ಘ ಪ್ರಬಂಧವೊಂದನ್ನು ಬರೆದಿದ್ದಾನೆ. ಗೆಳೆಯನಿಗೆ ನೇರ ಮಾತು ಹೇಳುವುದಾದರೆ ಒಬ್ಬನೇ ಇರುವಾಗ ಹೇಳು, ಅದಕ್ಕೆ ಗೇಲಿಯನ್ನು ಬೆರೆಸಬೇಡ ಎನ್ನುವುದು ಅದರಲ್ಲಿ ಅವನ ಸಲಹೆಗಳಲ್ಲೊಂದು. ನಾನು ಒಂದೇ ಸಾಲಿನಲ್ಲಿ ಎರಡನ್ನೂ ಮುರಿದಿದ್ದೆ. ಗೇಲಿ ಮಾಡಿದರೆ ಮಾತಿನ ಹೊಣೆ ಹೊರಬೇಕಾಗಿಲ್ಲ, "ತಮಾಷೆಗೆ ಹೇಳಿದ್ದು" ಎಂದು ಕೈತೊಳೆದುಕೊಳ್ಳಬಹುದು. ಕೇಳಿದವನಿಗೆ ಮಾತ್ರ ಏಟು ಬಿದ್ದಿರುತ್ತದೆ, ಉತ್ತರ ಕೊಡಲು ದಾರಿ ಇರುವುದಿಲ್ಲ.

ಈಗ ಜಂಬ ಎಂಬ ಪದಕ್ಕೆ ಬರುತ್ತೇನೆ. ಬಡಾಯಿ, ಕೊಚ್ಚಿಕೊಳ್ಳುವುದು, ಪೊಗರು ಎಂದು ಕನ್ನಡದಲ್ಲಿ ಇದಕ್ಕೆ ಪದಗಳ ಬರವಿಲ್ಲ. ಈ ಪದಗಳೆಲ್ಲ ಒಬ್ಬನ ಮಾತಿನ ಬಗ್ಗೆ ಹೇಳಿದಂತೆ ಕೇಳಿಸಿದರೂ ಹೇಳುವುದು ಅವನ ಒಳಗಿನ ಬಗ್ಗೆ. ನೀನು ದೊಡ್ಡವನೆನಿಸಿಕೊಳ್ಳಲು, ನನ್ನನ್ನು ಸಣ್ಣವನಾಗಿಸಲು ಹೀಗೆ ಮಾತಾಡುತ್ತೀ ಎಂದು. ಅದು ನನಗೆ ಹೇಗೆ ಗೊತ್ತು? ಅವನು ಮೂವತ್ತೆಂಟು ನಿಮಿಷ ಮಾತಾಡಿದ್ದು ಗೊತ್ತು. ನನ್ನ ಸಮಾಚಾರ ಕೊನೆಯಲ್ಲಿ ಬಂದದ್ದು ಗೊತ್ತು. ಅದರಿಂದ ನಾನು ಬಾಯಿ ಮುಚ್ಚಿಕೊಂಡದ್ದೂ ಗೊತ್ತು. ಯಾಕೆ ಹಾಗೆ ಮಾತಾಡಿದ ಎನ್ನುವುದು ಗೊತ್ತಿಲ್ಲ.

ಊಹಿಸಲು ಹೊರಟರೆ ಬೇರೆ ಕಾರಣಗಳೇ ಹೆಚ್ಚು ಸಿಗುತ್ತವೆ. ಅವನ ಅಪ್ಪನಿಗೆ ಅಡಿಕೆ ತೋಟದ ಲೆಕ್ಕ ಗೊತ್ತು, ಮಗನ ಹುದ್ದೆಯ ಹೆಸರು ನಾಲಿಗೆಗೆ ಬರುವುದಿಲ್ಲ. ಪುಣೆಯ ಸಹೋದ್ಯೋಗಿಗಳಿಗೆ ಹುದ್ದೆ ಗೊತ್ತು, ಆದರೆ ಅವನು ಮಳೆಗಾಲದಲ್ಲಿ ಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಎರಡು ಮೈಲಿ ನಡೆದು ಶಾಲೆಗೆ ಬರುತ್ತಿದ್ದದ್ದು ಗೊತ್ತಿಲ್ಲ. ಹೊರಟ ಜಾಗವನ್ನೂ ಮುಟ್ಟಿದ ಜಾಗವನ್ನೂ ಎರಡನ್ನೂ ನೋಡಿದವನು ನಾನೊಬ್ಬನೇ. ಪರವೂರಿನಲ್ಲಿರುವ ನಮ್ಮಂಥವರಿಗೆ ಇಂಥ ಸಾಕ್ಷಿಗಳು ಒಬ್ಬರೋ ಇಬ್ಬರೋ ಇರುತ್ತಾರೆ. ಜೊತೆಗೆ ಆಫೀಸಿನ ಅಭ್ಯಾಸವೂ ಇದೆ. ವರ್ಷ ವರ್ಷವೂ ನಮ್ಮ ಸಾಧನೆಯನ್ನು ನಾವೇ ಪಟ್ಟಿ ಮಾಡಿ ಕೊಡಬೇಕು, ಸುಮ್ಮನಿದ್ದವನು ಹಿಂದೆ ಬೀಳುತ್ತಾನೆ. ಹದಿನೈದು ವರ್ಷ ಹಾಗೆ ಬರೆದವನ ನಾಲಿಗೆ ಮನೆಗೆ ಬಂದ ಕೂಡಲೇ ಬದಲಾಗುವುದಿಲ್ಲ.

2015ರಲ್ಲಿ ಸೈಕಲಾಜಿಕಲ್ ಸೈನ್ಸ್ ಪತ್ರಿಕೆಯಲ್ಲಿ ಐರೀನ್ ಸ್ಕೋಪೆಲಿಟಿ, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಯೋಆಕಿಮ್ ಫೋಸ್ಗೆರೌ ಬರೆದ ಲೇಖನ ಇದೇ ವಿಷಯದ್ದು. ತಮ್ಮ ಸಾಧನೆ ಹೇಳಿಕೊಳ್ಳುವವರು, ಕೇಳುವವರಿಗೆ ಆಗುವ ಸಂತೋಷವನ್ನು ಇದ್ದದ್ದಕ್ಕಿಂತ ಹೆಚ್ಚಾಗಿಯೂ ಕಿರಿಕಿರಿಯನ್ನು ಕಡಿಮೆಯಾಗಿಯೂ ಅಂದಾಜು ಮಾಡುತ್ತಾರೆ ಎಂದು ಅವರು ಕಂಡುಕೊಂಡರು. ನನ್ನ ಗೆಳೆಯನಿಗೆ ಇದನ್ನು ಹೊಂದಿಸಿದರೆ, ತಾನು ನನಗೊಂದು ಸಂತೋಷ ಹಂಚುತ್ತಿದ್ದೇನೆ ಎಂದೇ ಅವನು ಆ ರಾತ್ರಿ ಅಂದುಕೊಂಡಿರಬಹುದು. ಅಂಥವನಿಗೆ "ನಿನಗೆ ಜಂಬ" ಎಂದರೆ ಅದು ನೋಯಿಸುವುದು ಮಾತ್ರವಲ್ಲ, ಸುಳ್ಳೂ ಆಗಬಹುದು.

ಮಹಾಭಾರತದ ಕರ್ಣಪರ್ವದಲ್ಲಿ ಒಂದು ಪ್ರಸಂಗವಿದೆ. ಕರ್ಣನಿಂದ ಗಾಯಗೊಂಡ ಧರ್ಮರಾಯ ಸಿಟ್ಟಿನಲ್ಲಿ, ಗಾಂಡೀವವನ್ನು ಇನ್ನೊಬ್ಬರಿಗೆ ಕೊಟ್ಟುಬಿಡು ಎಂದು ಅರ್ಜುನನಿಗೆ ಹೇಳುತ್ತಾನೆ. ಹಾಗೆಂದವರನ್ನು ಕೊಲ್ಲುತ್ತೇನೆಂಬ ಪ್ರತಿಜ್ಞೆ ಅರ್ಜುನನದು. ಹಿರಿಯನನ್ನು ಏಕವಚನದಲ್ಲಿ ನಿಂದಿಸಿದರೆ ಕೊಂದಂತೆಯೇ, ಅಷ್ಟು ಸಾಕು ಎಂದು ಕೃಷ್ಣ ದಾರಿ ತೋರಿಸುತ್ತಾನೆ. ನಿಂದಿಸಿದ ಮೇಲೆ ಅರ್ಜುನ ನಾಚಿ, ತನ್ನನ್ನೇ ಕೊಂದುಕೊಳ್ಳಲು ಕತ್ತಿ ಹಿರಿಯುತ್ತಾನೆ. ಆಗ ಕೃಷ್ಣ, ನಿನ್ನ ಗುಣಗಳನ್ನು ನೀನೇ ಹೇಳಿಕೋ, ಅದು ಆತ್ಮಹತ್ಯೆಗೆ ಸಮ ಎನ್ನುತ್ತಾನೆ. ಇದನ್ನು ನಮ್ಮಲ್ಲಿ ಜಂಬದವರ ತಲೆಗೆ ಕುಟ್ಟಲು ಬಳಸುವುದೇ ರೂಢಿ. ಯಕ್ಷಗಾನ ನೋಡಿ ಬೆಳೆದ ನಾನೂ ಹಾಗೆಯೇ ತಿಳಿದಿದ್ದೆ. ಈ ಸಲ ಇನ್ನೊಂದು ರೀತಿ ಕಂಡಿತು. ಆ ಮೂವತ್ತೆಂಟು ನಿಮಿಷದಲ್ಲಿ ಬಡ್ತಿ ಇತ್ತು, ಬಾಲ್ಕನಿ ಇತ್ತು, ನಾಲ್ಕು ನಿಮಿಷದ ಉಳಿತಾಯ ಇತ್ತು. ಗೆಳೆಯ ಮಾತ್ರ ಅಲ್ಲಿರಲಿಲ್ಲ. ನನಗೆ ಬೇಕಾದದ್ದು ಅವನ ಮಾತು ಕಡಿಮೆಯಾಗುವುದಲ್ಲ, ಅವನು ವಾಪಸ್ ಬರುವುದು. ಏನನ್ನು ಕೇಳಬೇಕು ಎನ್ನುವುದು ಆಗ ನನಗೆ ಸ್ಪಷ್ಟವಾಯಿತು.

ಮಾರ್ಚ್ ಕೊನೆಯಲ್ಲಿ ಅವನು ಮುಂಬೈಗೆ ಬಂದಿದ್ದ. ಮಾಟುಂಗದಲ್ಲಿ ಇಡ್ಲಿ ತಿಂದು ಫೈವ್ ಗಾರ್ಡನ್ಸ್ ಕಡೆಗೆ ನಡೆದೆವು. ಅಂದು ಅವನು ಯಾವ ಹೊಸ ಸುದ್ದಿಯನ್ನೂ ಹೇಳಿರಲಿಲ್ಲ. ನಾನು ಕಾದಿದ್ದೂ ಅದಕ್ಕೇ. ಸಂತೋಷದ ಸುದ್ದಿಯ ಬೆನ್ನಿಗೆ ಹೇಳಿದರೆ ಆ ಸುದ್ದಿಗೇ ಶಿಕ್ಷೆ ಕೊಟ್ಟಂತಾಗುತ್ತದೆ.

"ನಿನ್ನ ಹತ್ರ ಒಂದು ವಿಷಯ ಹೇಳ್ಲಿಕ್ಕುಂಟು" ಅಂದೆ. "ಜನವರಿಯಲ್ಲಿ ನಿನ್ನ ಬಡ್ತಿಯ ಫೋನ್ ಬಂತಲ್ಲ, ಆ ದಿನ ನನ್ನ ಕೆಲಸ ಹೋಗಿತ್ತು. ನಿನಗೆ ಹೇಳ್ಬೇಕು ಅಂತಲೇ ಫೋನ್ ಎತ್ತಿದ್ದು. ಹೇಳ್ಲಿಕ್ಕೆ ಜಾಗ ಸಿಗ್ಲಿಲ್ಲ. ಆಮೇಲೆ ಮೀಟಿಂಗು ಅಂತ ಹೇಳಿದ್ದೆಲ್ಲ ಸುಳ್ಳು."

ಅವನು ನಿಂತ. ತುಂಬ ಹೊತ್ತು ಏನೂ ಹೇಳಲಿಲ್ಲ. ಮತ್ತೆ ಕೇಳಿದ, "ಅಂದ್ರೆ ನಾನು ಜಂಬ ಕೊಚ್ಚಿಕೊಳ್ತೇನೆ ಅಂತಲಾ?"

ಇಡೀ ಮಾತಿನಲ್ಲಿ ಕಷ್ಟದ ಜಾಗ ಇದೇ. "ಛೆ ಛೆ, ಹಾಗಲ್ಲ" ಎಂದುಬಿಟ್ಟರೆ ಹೇಳಿದ್ದೆಲ್ಲ ನೀರಿನಲ್ಲಿ ಹೋಮ. "ಹೌದು" ಎಂದರೆ ನನಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದಂತೆ. "ಅದು ನನಗೆ ಗೊತ್ತಿಲ್ಲ ಮಾರಾಯ" ಅಂದೆ. "ನಿನ್ನ ಬಡ್ತಿ ಕೇಳಿ ನನಗೆ ಸ್ವಲ್ಪ ಹೊಟ್ಟೆ ಉರಿದದ್ದೂ ಹೌದು, ಅದು ನನ್ನ ತಾಪತ್ರಯ. ಆದ್ರೆ ಈಗೀಗ ನಾವು ಮಾತಾಡುವಾಗ ನನಗೆ ಬರೀ ಭೇಷ್ ಹೇಳುವ ಕೆಲಸ ಮಾತ್ರ ಇರ್ತದೆ. ಆಗ ನಾನು ದೂರ ಹೋಗ್ತೇನೆ. ನನಗೆ ಹಾಗೆ ಹೋಗ್ಲಿಕ್ಕೆ ಮನಸ್ಸಿಲ್ಲ."

ಅವನು ಒಪ್ಪಿಕೊಂಡು ತಬ್ಬಿಕೊಂಡ ಎಂದೆಲ್ಲ ಬರೆಯಲಾರೆ. "ನೀನು ಹೇಳ್ಬಹುದಿತ್ತಲ್ಲ" ಎಂದು ಸಿಟ್ಟಾದ, ಅದೂ ನ್ಯಾಯವೇ. ವಾಟ್ಸಾಪಿನ ವಾರ್ತೆಗಳ ಮಾತನ್ನು ಎತ್ತಿದ. ಅದಕ್ಕೆ ಕ್ಷಮೆ ಕೇಳಿದೆ. ದಾದರ್ ಸ್ಟೇಷನ್ನಿಗೆ ಬರುವಷ್ಟರಲ್ಲಿ ಅವನೇ ಒಂದು ಮಾತು ಹೇಳಿದ. ಆ ಬಡ್ತಿಯ ನಂತರ ಅವನಿಗೆ ಸರಿಯಾಗಿ ನಿದ್ದೆ ಬರುತ್ತಿಲ್ಲವಂತೆ. ದಾಟಿಹೋದ ಮೂವರಲ್ಲಿ ಇಬ್ಬರು ಮಾತು ಬಿಟ್ಟಿದ್ದಾರಂತೆ. ಬಾಲ್ಕನಿಯ ಕಥೆಗಳ ಹಿಂದೆ ಇದೊಂದು ಇದ್ದದ್ದು ನನಗೆ ಹೊಳೆದೇ ಇರಲಿಲ್ಲ.

ಎಲ್ಲರ ಹತ್ತಿರವೂ ಹೀಗೆ ಹೇಳಲಾಗದು. ಮೇಲೆ ಕೂತು ನಮ್ಮನ್ನು ತುಳಿಯಲೆಂದೇ ಮಾತಾಡುವವರು ಇದ್ದಾರೆ. ಅದು ಖಚಿತವಾಗಿ ಗೊತ್ತಿದ್ದರೆ "ನಿನ್ನ ಉದ್ದೇಶ ನನಗೆ ಗೊತ್ತಿಲ್ಲ" ಎನ್ನುವುದು ನಯವಾದ ಸುಳ್ಳು, ಅಂಥಲ್ಲಿ ನಾನು ಆ ಮಾತು ಬಳಸಲಾರೆ. ಮನೆಯವರ ವಿಷಯದಲ್ಲಿ, ಬಾಸ್ ವಿಷಯದಲ್ಲಿ ಲೆಕ್ಕ ಇನ್ನೂ ಬೇರೆ.

ಏಪ್ರಿಲಿನಲ್ಲಿ ಅವನ ಫೋನ್ ಬಂತು. "ಈ ಸಲ ಓಟದಲ್ಲಿ..." ಎಂದು ಶುರು ಮಾಡಿದವನು ಅಲ್ಲಿಗೇ ನಿಲ್ಲಿಸಿ, "ಅದು ಮತ್ತೆ ಹೇಳ್ತೇನೆ, ನಿನ್ನ ಇಂಟರ್‌ವ್ಯೂ ಎಂತ ಆಯ್ತು?" ಅಂದ. ನಾನು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಅವರು ಕೇಳಿದ ಪ್ರಶ್ನೆಗಳು, ನಾನು ಕೊಟ್ಟ ಉತ್ತರಗಳು, ಒಬ್ಬರು ತಲೆದೂಗಿದ್ದು, ಎಲ್ಲ ಹೇಳಿದೆ. ಅವನ ಓಟದ ಸುದ್ದಿ ಕೇಳಲಿಲ್ಲ ಎನ್ನುವುದು ಹೊಳೆದದ್ದು ಮರುದಿನ ಬೆಳಿಗ್ಗೆ, ಲೋಕಲಿನಲ್ಲಿ ನಿಂತಾಗ. ಕೂಡಲೇ ಮೆಸೇಜು ಹಾಕಿದೆ: "ಟೈಮಿಂಗ್ ಎಷ್ಟು ಬಂತು?"

ಏಳು ನಿಮಿಷದ ವಾಯ್ಸ್ ಮೆಸೇಜ್ ಬಂತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಠಾಣೆ ದಾಟುವವರೆಗೂ ಕೇಳಿದೆ.