ನಡೆಯುವುದು ಮತ್ತು ಇರುವುದು

‘ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ಎಂದವರನ್ನು ತಿದ್ದುವಾಗ ನಮ್ಮ ಜಯನಗರ, ಬನಶಂಕರಿ ಕಡೆಯ ಸ್ಪೋಕನ್ ಇಂಗ್ಲಿಷ್ ತರಗತಿಗಳಲ್ಲಿ ಒಂದು ಮಾತು ಸಿದ್ಧವಾಗಿರುತ್ತದೆ: ‘ಕನ್ನಡದಲ್ಲಿ ಯೋಚಿಸುತ್ತೀರಿ, ಅದಕ್ಕೇ ಹೀಗೆ.’ ಇದು ಕನ್ನಡಕ್ಕೆ ಮಾಡುವ ಅನ್ಯಾಯ. ‘ನನಗೆ ಇಬ್ಬರು ತಂಗಿಯರಿದ್ದಾರೆ’ ಎಂಬುದರಲ್ಲಿ ‘-ತ್ತಾ ಇದ್ದಾರೆ’ ಎಲ್ಲಿದೆ? ‘ಗೊತ್ತು’, ‘ಬೇಕು’ ಎಂಬವಂತೂ ಆ ರೂಪವನ್ನು ತಾಳುವುದೇ ಇಲ್ಲ. ಈ ವಿಷಯದಲ್ಲಿ ಕನ್ನಡ ಇಂಗ್ಲಿಷಿಗಿಂತ ಕಟ್ಟುನಿಟ್ಟು.

ಎರಡೂ ಭಾಷೆಗಳು ಕಾಯುವ ಗೆರೆಯನ್ನು ತತ್ತ್ವಜ್ಞ ಜೆನೋ ವೆಂಡ್ಲರ್ 1957ರ ಲೇಖನವೊಂದರಲ್ಲಿ ಚೆನ್ನಾಗಿ ಬಿಡಿಸಿ ತೋರಿಸಿದ. ಕೆಲವು ಕ್ರಿಯಾಪದಗಳು ನಡೆಯುವುದನ್ನು ಹೇಳುತ್ತವೆ, ಕೆಲವು ಇರುವುದನ್ನು. ಊಟಕ್ಕೆ ಹಂತಗಳಿವೆ: ಸಾರು ಮುಗಿದು ಮಜ್ಜಿಗೆಗೆ ಬಂದಿರಬಹುದು, ನಡುವೆ ಎದ್ದು ಹೋಗಬಹುದು. ಆದ್ದರಿಂದ ‘ಏನು ಮಾಡ್ತಿದ್ದೀಯಾ?’ ಎಂದರೆ ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿಯಾದ ಉತ್ತರ. ತಂಗಿಯರನ್ನು ಹೊಂದಿರುವುದಕ್ಕೆ ಮೊದಲರ್ಧ, ಕೊನೆಯರ್ಧ ಎಂದಿಲ್ಲ. ನಿದ್ದೆಯಲ್ಲೂ ಅವರು ನಿಮ್ಮ ತಂಗಿಯರೇ. ಎರಡೂ ಕಡೆ ಪದ ‘ಹ್ಯಾವ್’ ಒಂದೇ; ಬೇರೆಯಾಗಿರುವುದು ಹೇಳುತ್ತಿರುವ ಸಂಗತಿ. ಹಾಗಾಗಿ ಇಂಥಿಂಥ ಕ್ರಿಯಾಪದಕ್ಕೆ ಐಎನ್‌ಜಿ ಬರುವುದಿಲ್ಲ ಎಂದು ಪಟ್ಟಿ ಬಾಯಿಪಾಠ ಮಾಡಿದವರು ಊಟದ ಮುಂದೆಯೇ ಎಡವುತ್ತಾರೆ.

ಇನ್ನೊಬ್ಬ ತತ್ತ್ವಜ್ಞ ಗಿಲ್ಬರ್ಟ್ ರೈಲ್ 1949ರ ‘ದ ಕಾನ್ಸೆಪ್ಟ್ ಆಫ್ ಮೈಂಡ್’ನಲ್ಲಿ ಅರಿವನ್ನು ಸಾಮರ್ಥ್ಯವೆಂದ. ಈಜು ಬಲ್ಲವನು ದಡದಲ್ಲಿ ಕೂತಿದ್ದರೂ ಬಲ್ಲವನೇ. ಅಷ್ಟು ಒಪ್ಪೋಣ. ಇಂಥ ಪದಗಳಿಗೆಲ್ಲ ಅದೇ ಕೀಲಿ ಎಂದು ರೈಲ್‌ನ ಹೆಸರಲ್ಲಿ ವಿಸ್ತರಿಸುವವರನ್ನು ಮಾತ್ರ ನಾನು ಒಪ್ಪಲಾರೆ. ತಂಗಿಯರಿರುವುದು ಯಾವ ಸಾಮರ್ಥ್ಯ? ಸಾಮರ್ಥ್ಯವೂ ಸಂಬಂಧವೂ ಬಯಕೆಯೂ ಸೇರುವುದು ಒಂದೇ ಕಡೆ: ಅವು ಹಂತಹಂತವಾಗಿ ಸಾಗುವುದಿಲ್ಲ.

ಗೆರೆ ದಾಟಿದರೆ ಅರ್ಥವೂ ಸರಿಯುತ್ತದೆ. ‘ಐ ಲಿವ್ ಇನ್ ಜಯನಗರ್’ ಎಂದರೆ ನೆಲೆ ನಿಂತವರ ಮಾತು. ಬಿಟಿಎಂ ಲೇಔಟಿನ ಪಿಜಿಗೆ ಈಚೆಗೆ ಬಂದ ಹುಡುಗಿ ‘ಐ ಆಮ್ ಲಿವಿಂಗ್ ಇನ್ ಬಿಟಿಎಂ’ ಎಂದರೆ ತಪ್ಪಲ್ಲ. ಸದ್ಯಕ್ಕೆ ಇಲ್ಲಿ ಎಂಬ ಸುಳಿವು ಅದರಲ್ಲಿದೆ. ಅದೇ ಸುಳಿವು ತಂಗಿಯರಿಗೆ ಅಂಟಿದಾಗ, ಈ ಸಂಬಂಧ ಸದ್ಯದ್ದೇ ಎಂಬಂತೆ ಕೇಳಿ, ಇಂಗ್ಲಿಷ್ ಮನೆಮಾತಾದವರ ಕಿವಿಗೆ ತೊಡಕಾಗುತ್ತದೆ.

ಕನ್ನಡ ಇದನ್ನು ಇನ್ನೂ ನಿಚ್ಚಳವಾಗಿ ಮಾಡುತ್ತದೆ. ಅರಿವು ನಿಧಾನಕ್ಕೆ ಮೂಡುತ್ತಿದ್ದರೆ ‘ಆಗು’ ಸೇರಿಸಿ ‘ಈಗ ಗೊತ್ತಾಗ್ತಾ ಇದೆ’ ಎನ್ನುತ್ತೇವೆ. ಮೂಡಿ ನಿಂತ ಮೇಲೆ ಬರೀ ‘ಗೊತ್ತು’. ‘ಐ ಆಮ್ ನೋಯಿಂಗ್’ ಎಂದವರನ್ನು ತಿದ್ದುವ ಶಿಕ್ಷಕರು ಈ ಜೋಡಿಯನ್ನೇ ಹಲಗೆಯ ಮೇಲೆ ಬರೆಯಲಿ. ಯಾವುದಕ್ಕೆ ಐಎನ್‌ಜಿ ಹೊಂದುತ್ತದೆ ಎಂದು ಮಕ್ಕಳೇ ಹೇಳಬಲ್ಲರು.