ಕೂಳೆಗೊಂದು ಬಣ್ಣ

ಹೊಳಲಿನ ಆರು ಕಬ್ಬಿನ ಗದ್ದೆಗಳ ಲೆಕ್ಕ ನಮ್ಮ ಮುಂದಿದೆ ಎಂದುಕೊಳ್ಳಿ. ಎಕರೆಗೆ ಎಷ್ಟು ಮೂಟೆ ಯೂರಿಯಾ ಹಾಕಿದರು, ಎಷ್ಟು ಟನ್ ಕಬ್ಬು ಬಂತು, ಅಷ್ಟೇ. ಅಂಕಿಗಳು ನಾನೇ ಇಟ್ಟುಕೊಂಡವು. ಮೂರು ಮೂಟೆಗೆ 44 ಟನ್, ನಾಲ್ಕಕ್ಕೆ 47, ಐದಕ್ಕೆ 50. ಐದೇ ಮೂಟೆ ಹಾಕಿದ ಇನ್ನೊಂದು ಗದ್ದೆಯಲ್ಲಿ ಮಾತ್ರ 32, ಆರಕ್ಕೆ 34, ಏಳಕ್ಕೆ 36.

ಗ್ರಾಫ್ ಹಾಳೆಯ ಮೇಲೆ ಈ ಆರು ಚುಕ್ಕಿ ಇಟ್ಟು ನಡುವೆ ಒಂದು ಗೆರೆ ಎಳೆದರೆ ಅದು ಕೆಳಕ್ಕೆ ಇಳಿಯುತ್ತದೆ. ಮೂಟೆ ಒಂದು ಹೆಚ್ಚಿದರೆ ಇಳುವರಿ ಸುಮಾರು ಮೂರು ಟನ್ ಕಡಿಮೆ! ಗೊಬ್ಬರವೇ ಬೆಳೆ ತಿಂದಿತು ಎಂದು ಯಾರಾದರೂ ಹೇಳಿಯಾರು.

ಆದರೆ ಮೊದಲ ಮೂರು ತನಿ ಕಬ್ಬು, ಉಳಿದ ಮೂರು ಕೂಳೆ. ಕಡಿದ ಬುಡದಿಂದಲೇ ಚಿಗುರುವ ಕೂಳೆಯಲ್ಲಿ ಅಲ್ಲಲ್ಲಿ ಬುಡ ಸತ್ತು ಸಾಲು ಖಾಲಿ ಬಿದ್ದಿರುತ್ತದೆ. ಹಳೇ ಬೇರಿನ ಶಕ್ತಿ ಕಡಿಮೆ. ಕೊಳೆಯುವ ತರಗೂ ಒಂದಷ್ಟು ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಕೂಳೆಗೆ ಯೂರಿಯಾ ಜಾಸ್ತಿ ಹಾಕುವುದು, ಇಳುವರಿ ಮಾತ್ರ ಸಾಮಾನ್ಯವಾಗಿ ಕಡಿಮೆಯೇ. ಈಗ ಎರಡನ್ನೂ ಬೇರೆ ಮಾಡಿ ನೋಡಿ: ತನಿಯಲ್ಲಿ ಮೂಟೆಗೆ ಮೂರು ಟನ್ ಏರಿಕೆ, ಕೂಳೆಯಲ್ಲಿ ಎರಡು ಟನ್ ಏರಿಕೆ. ಇಳಿಯುವ ಗೆರೆ ತೋರಿಸಿದ್ದು ಯೂರಿಯಾದ ಗುಣವನ್ನಲ್ಲ, ಹೆಚ್ಚು ಮೂಟೆ ಹೋದದ್ದು ಕೂಳೆಗೆ ಎಂಬುದನ್ನು.

ಒಟ್ಟು ಲೆಕ್ಕ ಒಂದು ಹೇಳಿ, ಒಡೆದ ಲೆಕ್ಕ ಇನ್ನೊಂದು ಹೇಳುವ ಈ ವಿಚಿತ್ರವನ್ನು ಸಂಖ್ಯಾಶಾಸ್ತ್ರಜ್ಞ ಯೂಲ್ 1903ರಲ್ಲೇ ಗಮನಿಸಿದ್ದರು. ಆದರೆ ಇದಕ್ಕೆ 1951ರಲ್ಲಿ ಬರೆದ ಸಿಂಪ್ಸನ್ ಹೆಸರು ಅಂಟಿಕೊಂಡಿತು. ಗದ್ದೆಯ ಹೊರಗೂ ಹೀಗಾಗುತ್ತದೆ: 1973ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಅರ್ಜಿ ಹಾಕಿದ ಗಂಡಸರಲ್ಲಿ ಶೇ 44, ಹೆಂಗಸರಲ್ಲಿ ಶೇ 35 ಮಂದಿಗೆ ಪ್ರವೇಶ ಸಿಕ್ಕಿತ್ತು. ವಿಭಾಗವಾರು ನೋಡಿದಾಗ ಆ ಅಂತರ ನಿಲ್ಲಲಿಲ್ಲ. ಸೀಟು ಸಿಗುವುದೇ ಕಷ್ಟವಾದ ವಿಭಾಗಗಳಿಗೆ ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದರು.

ಹಾಗಾದರೆ ಒಡೆದ ಲೆಕ್ಕವೇ ಯಾವಾಗಲೂ ಸರಿಯೇ? ಅಲ್ಲ. ಎಡವುವುದು ಇಲ್ಲೇ. ಯೂರಿಯಾ ಅತಿಯಾದರೆ ಕಬ್ಬು ನೆಲಕ್ಕೆ ಮಲಗುತ್ತದೆ. ಯಾರೋ ಬುದ್ಧಿವಂತರು ಗದ್ದೆಗಳನ್ನು ‘ನಿಂತ ಕಬ್ಬು’, ‘ಬಿದ್ದ ಕಬ್ಬು’ ಎಂದು ವಿಂಗಡಿಸಿದರು ಅನ್ನಿ. ಬಿದ್ದದ್ದನ್ನು ಬಿದ್ದದ್ದರ ಜೊತೆಗೇ ಹೋಲಿಸಿದರೆ, ಬೀಳುವುದರಿಂದ ಆದ ನಷ್ಟ ಲೆಕ್ಕದಿಂದಲೇ ಮಾಯ. ಆಗ ಯೂರಿಯಾ ನಿರಪರಾಧಿಯಂತೆ ಕಾಣುತ್ತದೆ. ಗದ್ದೆ ತನಿಯೋ ಕೂಳೆಯೋ ಎಂಬುದು ಮೂಟೆ ಬಿಚ್ಚುವ ಮೊದಲೇ ತೀರ್ಮಾನವಾದ ಸಂಗತಿ, ಅದರಿಂದ ಒಡೆಯಬಹುದು. ಕಬ್ಬು ಬೀಳುವುದು ಮೂಟೆ ಸುರಿದ ಮೇಲಿನ ಫಲ, ಅದರಿಂದ ಒಡೆಯಬಾರದು. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಅಂಕಿ ಹೇಳುವುದಿಲ್ಲ, ಗದ್ದೆಯವರೇ ಹೇಳಬೇಕು.

ಈ ಸಲ ನಿಮ್ಮ ಗದ್ದೆಗಳ ಲೆಕ್ಕ ಬರೆಯುವುದಾದರೆ ತನಿಗೆ ಒಂದು ಬಣ್ಣದ ಚುಕ್ಕಿ, ಕೂಳೆಗೆ ಇನ್ನೊಂದು ಬಣ್ಣದ್ದು ಇಡಿ. ಎರಡನೇ ಕೂಳೆ ಬಿಟ್ಟಿದ್ದರೆ ಅದಕ್ಕೂ ಬೇರೆಯೇ ಬಣ್ಣ.